ಸಹಾಯ ಬೇಕು: ಚಾಟ್‌ಬಾಟ್ ಕೊಟ್ಟ ತಪ್ಪು ರಿಫಂಡ್ ಮಾಹಿತಿಯ ಬಗ್ಗೆ ದೂರು ಪತ್ರ

ಎಲ್ಲರಿಗೂ ನಮಸ್ಕಾರ. ಆನ್‌ಲೈನ್ ಅಂಗಡಿಯೊಂದರಿಂದ 6,499 ರೂಪಾಯಿಗೆ ತರಿಸಿದ ಮಿಕ್ಸಿಯ ಜಾರ್ ಒಡೆದು ಬಂದಿದ್ದರಿಂದ ಅದನ್ನು ವಾಪಸ್ ಕಳುಹಿಸಿದೆ. ಕೊರಿಯರ್‌ನವರು ಕೊಟ್ಟ ರಸೀದಿ ನನ್ನಲ್ಲಿದೆ. ಹಣ ಐದು ದಿನಗಳಲ್ಲಿ ಬ್ಯಾಂಕ್ ಖಾತೆಗೆ ಬರುತ್ತದೆ ಎಂದು ಕಂಪನಿಯ ಚಾಟ್‌ಬಾಟ್ ಮೊದಲು ಹೇಳಿತು, ವಾರದ ನಂತರ ಹಣ ಆಗಲೇ ಜಮೆಯಾಗಿದೆ ಎಂದಿತು, ಮೂರನೆಯ ಸಲ ಈ ವಸ್ತುವಿಗೆ ರಿಫಂಡ್ ಇಲ್ಲವೇ ಇಲ್ಲ ಎಂದುಬಿಟ್ಟಿತು. ನಿಜವಾಗಿ ಜಮೆಯಾಗಿದ್ದರೆ ಬ್ಯಾಂಕಿನಲ್ಲಿ ವಿಚಾರಿಸಲು ಒಂದು ಉಲ್ಲೇಖ ಸಂಖ್ಯೆ ಇರಬೇಕು. ಅದನ್ನು ಕೇಳಿದಾಗಲೆಲ್ಲ ನನ್ನ ಆರ್ಡರ್ ಸಂಖ್ಯೆಯನ್ನೇ ಮತ್ತೆ ತೋರಿಸಿತು. ಇದು ನನಗೆ ಬಹಳ ನೋವು ತಂದಿದೆ.

ಈಗ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಪತ್ರ ಬರೆಯುತ್ತಿದ್ದೇನೆ. 2020ರ ಇ-ಕಾಮರ್ಸ್ ನಿಯಮಗಳಂತೆ ಅವರು ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಕರಡಿನ ಮುಖ್ಯ ಭಾಗ ಹೀಗಿದೆ: “ನಿಮ್ಮ ಚಾಟ್‌ಬಾಟ್ ಕೊಟ್ಟ ಮೂರು ಉತ್ತರಗಳ ಸ್ಕ್ರೀನ್‌ಶಾಟ್‌ಗಳನ್ನು ದಿನಾಂಕ, ಸಮಯದೊಂದಿಗೆ ಲಗತ್ತಿಸಿದ್ದೇನೆ. ಹಣ ಕಳುಹಿಸಿದ್ದರೆ ಬ್ಯಾಂಕ್ ಉಲ್ಲೇಖ ಸಂಖ್ಯೆಯನ್ನು ಕೊಡಿ, ಇಲ್ಲವಾದರೆ ಪೂರ್ತಿ ಮೊತ್ತವನ್ನು ಹಿಂದಿರುಗಿಸಿ.”

ಚಾಟ್‌ಬಾಟ್ ಕೊಟ್ಟ ಮಾಹಿತಿಗೆ ತಾನು ಹೊಣೆಯಲ್ಲ ಎಂಬ ವಿಮಾನಯಾನ ಸಂಸ್ಥೆ ಏರ್ ಕೆನಡಾದ ವಾದವನ್ನು 2024ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಒಪ್ಪಲಿಲ್ಲ. ಆ ತೀರ್ಪು ನಮ್ಮ ಗ್ರಾಹಕ ಆಯೋಗಗಳಿಗೆ ಅನ್ವಯಿಸಲೇಬೇಕೆಂದಿಲ್ಲವಾದರೂ ಪತ್ರದಲ್ಲಿ ಅದನ್ನು ಉಲ್ಲೇಖಿಸುವುದು ಸರಿಯೇ? ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಈಗಲೇ ದೂರು ಕೊಡಬೇಕೇ, ಅಥವಾ ಒಂದು ತಿಂಗಳು ಕಾಯಬೇಕೇ? ಅನುಭವವಿರುವವರು ದಯವಿಟ್ಟು ತಿಳಿಸಿ.