ಸಾರಜನಕ ಚಕ್ರದ ಚಿತ್ರ: ಬಾಣಗಳನ್ನು ಮಕ್ಕಳಿಗೆ ಹೇಗೆ ಹೇಳಿಕೊಟ್ಟಿರಿ?

ಹೊಸಮೇಷ್ಟ್ರು ಕೇಳಿದ್ದು: ಹೈಸ್ಕೂಲ್ ಮಕ್ಕಳಿಗೆ ಸಾರಜನಕ ಚಕ್ರದ ಚಿತ್ರ ಬರೆಸಬೇಕು. ಪ್ರತಿ ಬಾಣಕ್ಕೂ ಯಾವ ಕ್ರಿಯೆ, ಯಾವ ಜೀವಿ ಅಂತ ವಿವರಿಸಬೇಕು. ಬಾಯಿಪಾಠ ಮಾಡಿ ಬರೆಯುತ್ತಾರೆ, ಎರಡೇ ದಿನಕ್ಕೆ ರೈಜೋಬಿಯಂ ಇರಬೇಕಾದ ಕಡೆ ನೈಟ್ರೋಸೋಮೋನಾಸ್ ಬಂದು ಕೂತಿರುತ್ತದೆ. ಇರುವುದು ಒಂದೇ ಪೀರಿಯಡ್. ನೀವೆಲ್ಲ ಹೇಗೆ ಮಾಡಿದಿರಿ?

ಸೀಮೆಸುಣ್ಣ: ಮೊದಲು ಆ ಹಸು, ಮರ, ಮೋಡದ ಚಿತ್ರ ತೆಗೆದುಹಾಕಿ. ನಾನು ತೆಗೆದುಹಾಕಿದ್ದಕ್ಕೆ ಸ್ಟಾಫ್ ರೂಮಿನಲ್ಲಿ ಒಂದು ಟರ್ಮ್ ಪೂರ್ತಿ ಮಾತು ಕೇಳಿದ್ದೇನೆ. ಆದರೂ ಬಿಟ್ಟಿಲ್ಲ. ನನ್ನ ಬೋರ್ಡಿನ ಮೇಲೆ ಐದು ಪೆಟ್ಟಿಗೆ ಮಾತ್ರ: ಗಾಳಿಯ N₂, ಅಮೋನಿಯಂ, ನೈಟ್ರೈಟ್, ನೈಟ್ರೇಟ್, ಮತ್ತು ಗಿಡ-ಪ್ರಾಣಿಗಳ ಮೈಯಲ್ಲಿರುವ ಪ್ರೋಟೀನ್. ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಹೋಗಬೇಕು ಅಂದರೆ ಯಾರೋ ಕೆಲಸ ಮಾಡಿರಬೇಕು. ಆ ಕೆಲಸವೇ ಬಾಣ.

ನಮ್ಮಲ್ಲಿದ್ದ ರೆಡಿಮೇಡ್ ಚಾರ್ಟಿನಲ್ಲಿ ರೈಜೋಬಿಯಂ ಬಾಣ ಗಾಳಿಯಿಂದ ಹೊರಟು ನೇರ ಮಣ್ಣಿನ ನೈಟ್ರೇಟಿಗೆ ಬಂದು ಚುಚ್ಚಿತ್ತು. ಇದು ತಪ್ಪು ಅಂತ ಹೇಳಿದೆ, ಯಾರೂ ಕೇಳಲಿಲ್ಲ. ರೈಜೋಬಿಯಂ ನೈಟ್ರೇಟ್ ಮಾಡುವುದೇ ಇಲ್ಲ. ಬೇರುಗಂಟಿನ ಒಳಗೆ ಕೂತು ಅಮೋನಿಯಾ ಮಾಡುತ್ತದೆ. ಗಿಡ ಅಲ್ಲೇ ಅದನ್ನು ಹಿಡಿದು ಅಮೈನೋ ಆಮ್ಲ ಮಾಡಿಕೊಳ್ಳುತ್ತದೆ. ಬದಲಿಗೆ ಬ್ಯಾಕ್ಟೀರಿಯಾಕ್ಕೆ ಸಕ್ಕರೆಯ ಅಂಶ ಕೊಡುತ್ತದೆ. ಹಾಗಾಗಿ ಆ ಬಾಣ ಗಿಡದ ಒಳಗೆ ಹೋಗಬೇಕು, ಮಣ್ಣಿಗಲ್ಲ.

ಕೊನೆಗೆ ಮಕ್ಕಳಿಂದಲೇ ಅಲಸಂದೆ ಗಿಡ ಕೀಳಿಸಿದೆ. ಎಳೆದು ಕಿತ್ತರೆ ಗಂಟೆಲ್ಲ ಮಣ್ಣಿನಲ್ಲೇ ಉಳಿಯುತ್ತವೆ, ಸುತ್ತಲೂ ಅಗೆದು ನಿಧಾನಕ್ಕೆ ತೊಳೆಯಬೇಕು. ಬ್ಲೇಡಿನಿಂದ ಗಂಟನ್ನು ಸೀಳಿದರೆ ಒಳಗೆ ಕೆಂಪು ಗುಲಾಬಿ ಬಣ್ಣ. ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಜಾತಿಯದೇ ಒಂದು ಪ್ರೋಟೀನ್ ಅದು. ಆಮ್ಲಜನಕ ಜಾಸ್ತಿಯಾದರೆ ಸಾರಜನಕ ಹಿಡಿಯುವ ಕಿಣ್ವ ಕೆಟ್ಟುಹೋಗುತ್ತದೆ, ಅದಕ್ಕೇ ಈ ಪ್ರೋಟೀನು ಆಮ್ಲಜನಕವನ್ನು ಅಳತೆ ಮಾಡಿ ಕೊಡುತ್ತದೆ. ಒಳಗೆ ಬಿಳಿ ಅಥವಾ ಹಸಿರು ಇದ್ದರೆ ಆ ಗಂಟು ಕೆಲಸ ಮಾಡುತ್ತಿಲ್ಲ. ಯೂರಿಯಾ ಚೆನ್ನಾಗಿ ಸುರಿದಿದ್ದ ಪಾತಿಯ ಗಿಡಗಳಲ್ಲಿ ಗಂಟೇ ಕಾಣಲಿಲ್ಲ. ಊಟ ತಟ್ಟೆಗೇ ಬರುವಾಗ ಅಡುಗೆಯವನನ್ನು ಯಾರು ಇಟ್ಟುಕೊಳ್ಳುತ್ತಾರೆ?

ಗಾಜಿನತೊಟ್ಟಿ: ನಾನು ಮೇಷ್ಟ್ರಲ್ಲ, ಮೀನು ಸಾಕುವವನು. ಆದರೆ ಈ ಚಕ್ರವನ್ನು ನನ್ನಷ್ಟು ದುಬಾರಿಯಾಗಿ ಕಲಿತವರು ಕಡಿಮೆ. ಹೊಸ ತೊಟ್ಟಿ, ಹೊಳೆಯುವ ನೀರು, ಅಂಗಡಿಯವನು ‘ಇವತ್ತೇ ಬಿಡಿ’ ಅಂದ, ಬಿಟ್ಟೆ. ಮೀನು ಕಿವಿರಿನಿಂದಲೇ ಅಮೋನಿಯಾ ಬಿಡುತ್ತದೆ. ಉಳಿದ ಆಹಾರ ಕೊಳೆತು ಇನ್ನಷ್ಟು ಸೇರುತ್ತದೆ. ಮೊದಲ ವಾರ ಅಮೋನಿಯಾ ಏರಿತು, ಮೀನು ಮೇಲೆ ಬಂದು ಬಾಯಿ ಬಿಡತೊಡಗಿದವು, ಅರ್ಧ ಸತ್ತವು. ಆಮೇಲೆ ಅಮೋನಿಯಾ ಇಳಿಯಿತು, ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ನೈಟ್ರೈಟ್ ಏರಿ ಉಳಿದ ಅರ್ಧವೂ ಹೋಯಿತು. ಒಂದು ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡಿ ಕೈತೊಳೆದುಕೊಳ್ಳುತ್ತದೆ. ಇನ್ನೊಂದು ಬೆಳೆದು ಬಂದು ಅದನ್ನು ನೈಟ್ರೇಟ್ ಮಾಡುವ ತನಕ ಮೀನಿಗೆ ಉಸಿರಿಲ್ಲ. ನೈಟ್ರೈಟ್ ರಕ್ತವನ್ನೇ ಕಂದು ಮಾಡುತ್ತದೆ.

ಆಮೇಲೆ ಎಲ್ಲ ಸರಿಹೋಗಿತ್ತು. ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ಫಿಲ್ಟರಿನ ಸ್ಪಂಜನ್ನು ಮನೆಯವರು ಫಳಫಳ ತೊಳೆದಿಟ್ಟರು. ಆ ಬ್ಯಾಕ್ಟೀರಿಯಾ ಕೂತಿದ್ದದ್ದೇ ಆ ಸ್ಪಂಜಿನಲ್ಲಿ, ಕ್ಲೋರಿನ್ನಿಗೆ ಸತ್ತವು. ಮತ್ತೆ ಅಮೋನಿಯಾ, ಮತ್ತೆ ಸಾವು. ಮಕ್ಕಳಿಗೆ ಈ ಎರಡು ಬಾಣ ಬೇರೆ ಬೇರೆ ಬರೆಸಿ. ಕೊನೆಗೆ ಆ ನೈಟ್ರೇಟು ಫಿಲ್ಟರಿನಲ್ಲೇ ಗಾಳಿಯಾಗಿ ಹೋಗುತ್ತದೆ, ಅಲ್ಲಿಗೆ ಚಕ್ರ ಮುಗಿಯಿತು.

ಲ್ಯಾಬ್‌ಕೋಟು: ತೊಟ್ಟಿಯವರೇ, ಕೊನೆಯ ಸಾಲು ಬಿಟ್ಟು ಉಳಿದದ್ದೆಲ್ಲ ಸರಿ. ಗಾಳಿ ಗುಳುಗುಳು ಅನ್ನುವ ಫಿಲ್ಟರಿನಲ್ಲಿ ನೈಟ್ರೇಟ್ N₂ ಆಗಿ ಹೋಗುವುದು ತೀರಾ ಕಡಿಮೆ. ನಿಮ್ಮ ತೊಟ್ಟಿಯಲ್ಲಿ ಅದು ಇಳಿಯುವುದು ನೀವು ನೀರು ಬದಲಿಸುವುದರಿಂದ, ಗಿಡವಿದ್ದರೆ ಗಿಡದಿಂದ. ನೈಟ್ರೇಟನ್ನು N₂ ಮಾಡುವ ಸ್ಯೂಡೋಮೋನಾಸ್ ತರಹದ ಬ್ಯಾಕ್ಟೀರಿಯಾ ಆಮ್ಲಜನಕ ಸಿಕ್ಕರೆ ಅದನ್ನೇ ಉಸಿರಾಡುತ್ತವೆ. ಅದು ಮುಗಿದಾಗ ಮಾತ್ರ ನೈಟ್ರೇಟಿನ ಆಮ್ಲಜನಕಕ್ಕೆ ಕೈಹಾಕುತ್ತವೆ. ನೈಟ್ರೇಟ್, ನೈಟ್ರೈಟ್, NO, N₂O, ಕೊನೆಗೆ N₂. ಅವುಗಳಿಗೆ ತಿನ್ನಲು ಕೊಳೆತ ಎಲೆಯೋ ಸಕ್ಕರೆಯೋ ಬೇಕು.

ಹೊಸಮೇಷ್ಟ್ರೇ, ಪ್ರತಿ ಬಾಣದ ಪಕ್ಕ ಎರಡೇ ಪ್ರಶ್ನೆ ಬರೆಸಿ: ಈ ಜೀವಿಗೆ ಇದರಿಂದ ಏನು ಲಾಭ? ಗಾಳಿ ಬೇಕಾ, ಬೇಡವಾ? ನೈಟ್ರೋಸೋಮೋನಾಸ್ ಅಮೋನಿಯಾ ಸುಟ್ಟು ಶಕ್ತಿ ಪಡೆಯುತ್ತದೆ, ಸುಡಲು ಗಾಳಿ ಬೇಕು. ಆ ಶಕ್ತಿ ಬಹಳ ಕಮ್ಮಿ, ಅದಕ್ಕೇ ಅದರ ಬೆಳವಣಿಗೆ ನಿಧಾನ. ತೊಟ್ಟಿಯವರ ಮೀನು ಸತ್ತಿದ್ದು ಆ ನಿಧಾನದಿಂದಲೇ. ಕೊಳೆಸುವ ಬ್ಯಾಕ್ಟೀರಿಯಾ, ಶಿಲೀಂಧ್ರಗಳಿಗೆ ಬೇಕಾದ್ದು ಪ್ರೋಟೀನಿನ ಇಂಗಾಲ. ಅಮೋನಿಯಾ ಅವು ಬಿಸಾಡುವ ಕಸ. ಲಾಭ ಗೊತ್ತಾದರೆ ಹೆಸರು ಅದಲುಬದಲಾಗುವುದಿಲ್ಲ.

ನಾವು ಮಾಡಿಸಿದ ಪ್ರಯೋಗ ಹೇಳುತ್ತೇನೆ. ತೋಟದ ಮಣ್ಣು, ನೀರು, ಚಿಟಿಕೆ ಪೊಟ್ಯಾಸಿಯಂ ನೈಟ್ರೇಟ್, ಸ್ವಲ್ಪ ಸಕ್ಕರೆ. ಒಂದು ಪಾಲನ್ನು ಬಾಟಲಿಯ ಕುತ್ತಿಗೆವರೆಗೂ ತುಂಬಿ ಮುಚ್ಚಳ ಸಡಿಲವಾಗಿ ಇಟ್ಟೆವು. ಇನ್ನೊಂದು ಪಾಲು ಅಗಲ ತಟ್ಟೆಯಲ್ಲಿ ತೆಳ್ಳಗೆ, ಆಗಾಗ ಕಲಕುತ್ತಾ. ನೈಟ್ರೇಟ್ ಪಟ್ಟಿ ಅದ್ದಿದರೆ ಮೊದಲ ದಿನ ಎರಡೂ ಕಡು ಗುಲಾಬಿ. ಕೆಲವು ದಿನ ಕಳೆದ ಮೇಲೆ ಬಾಟಲಿಯದು ಬಿಳಿಚಿತು, ನಡುವೆ ನೈಟ್ರೈಟಿನ ಚೌಕ ಬಣ್ಣ ಏರಿ ಇಳಿಯಿತು. ಸಕ್ಕರೆ ಹಾಕದ ಬ್ಯಾಚ್ ಹಾಗೇ ಕೂತಿತ್ತು, ಒಂದು ವಾರ ದಂಡ. ಗುಳ್ಳೆ ಬಂತು ಅಂತ ಮಕ್ಕಳು ಕುಣಿದರೆ ತಡೆಯಿರಿ. ಸಕ್ಕರೆ ಹುಳಿತರೂ ಗುಳ್ಳೆ ಬರುತ್ತದೆ, ಅದು ಇಂಗಾಲದ ಡೈಆಕ್ಸೈಡ್. ಪಟ್ಟಿಯನ್ನು ಮಾತ್ರ ನಂಬಿ.

ಸೀಮೆಸುಣ್ಣ: ತೆರೆದ ತಟ್ಟೆಯಲ್ಲೂ ನೈಟ್ರೇಟ್ ಇಳಿಯುತ್ತದಲ್ಲ? ನಮ್ಮದರಲ್ಲಿ ಇಳಿದಿತ್ತು.

ಲ್ಯಾಬ್‌ಕೋಟು: ಸ್ವಲ್ಪ ಇಳಿಯುತ್ತದೆ. ಸಕ್ಕರೆ ತಿಂದು ಬೆಳೆಯುವ ಸೂಕ್ಷ್ಮಜೀವಿಗಳು ಮೈ ಕಟ್ಟಲು ನೈಟ್ರೇಟ್ ತೆಗೆದುಕೊಳ್ಳುತ್ತವೆ. ಅದು ಪ್ರೋಟೀನ್ ಪೆಟ್ಟಿಗೆಗೆ ಹೋಗುವ ಬಾಣ. ಸಕ್ಕರೆ ಜಾಸ್ತಿ ಹಾಕಿದ್ದೀರಿ ಅನಿಸುತ್ತದೆ.

ಸೀಮೆಸುಣ್ಣ: ಜಾಸ್ತಿ ಹಾಕಿರಲಿಲ್ಲ.

ಹೊಲದಬದು: ಯೂರಿಯಾದ ಮಾತು ಬಂತಲ್ಲ, ಗೊಬ್ಬರದ ವಿಷಯದಲ್ಲಿ ನನ್ನ ಅನುಭವ ಹೇಳುತ್ತೇನೆ. ಒದ್ದೆ ನೆಲದ ಮೇಲೆ ಯೂರಿಯಾ ಚೆಲ್ಲಿ ಹಾಗೇ ಬಿಟ್ಟೆ. ಮರುದಿನ ಬಿಸಿಲು. ಬಗ್ಗಿದರೆ ಮೂಗಿಗೆ ಹೊಡೆಯುವ ಘಾಟು. ದುಡ್ಡು ಕಣ್ಣೆದುರಿಗೇ ಗಾಳಿಗೆ ಹೋಯಿತು. ಅದನ್ನು ಮಣ್ಣಿನಲ್ಲಿ ಮುಚ್ಚಬೇಕಿತ್ತಂತೆ. ಇನ್ನೊಂದು ತುಂಡಿನಲ್ಲಿ ನೈಟ್ರೇಟ್ ಗೊಬ್ಬರ ಹಾಕಿದ್ದೆ. ಮಳೆ ಹೊಡೆದು ನೀರು ನಿಂತಿತು. ಗಿಡ ಕೆಳಗಿನ ಎಲೆಯಿಂದ ಹಳದಿಗೆ ತಿರುಗಿತು. ಎರಡೂ ಕಡೆ ಗೊಬ್ಬರ ನನ್ನದೇ, ಕೂಲಿ ನನ್ನದೇ, ಹೊತ್ತಿದ್ದು ನಾನೇ. ಈಗ ಸಾಲಿನ ನಡುವೆ ಅಲಸಂದೆ ಹಾಕುತ್ತೇನೆ. ಅದು ಪಕ್ಕದ ಗಿಡಕ್ಕೆ ಸಾರಜನಕ ಕೊಡುತ್ತಾ ಇರುತ್ತದೆ.

ಸೀಮೆಸುಣ್ಣ: ಕೊಡುತ್ತಾ ಇರುವುದಿಲ್ಲ ಅಣ್ಣ. ಬದುಕಿರುವ ಗಿಡ ತಾನು ಹಿಡಿದದ್ದರಲ್ಲಿ ಹೆಚ್ಚಿನದನ್ನು ತಾನೇ ಇಟ್ಟುಕೊಳ್ಳುತ್ತದೆ. ಬೇರು, ಎಲೆ ಕೊಳೆತ ಮೇಲೆ ತಾನೇ ಮಣ್ಣಿಗೆ ಬರುವುದು? ಕಾಳು ಕುಯ್ದು ಮನೆಗೆ ಒಯ್ದರೆ ದೊಡ್ಡ ಪಾಲು ಕಾಳಿನ ಜೊತೆಗೇ ಹೋಯಿತು.

ಹೊಲದಬದು: ನಿಮ್ಮ ಬೋರ್ಡಿನ ಮೇಲೆ ಹೋಗಿರಬಹುದು ಮೇಡಂ. ನನ್ನ ಸಾಲು ಹಸಿರಾಗಿದೆ, ಬಂದು ನೋಡಿ.

ಸೀಮೆಸುಣ್ಣ: ಹಸಿರಾಗಿರುವುದಕ್ಕೆ ಅಲಸಂದೆ ತನ್ನ ಪಾಲಿನ ನೈಟ್ರೇಟನ್ನು ಮಣ್ಣಿನಿಂದ ಕಡಿಮೆ ತೆಗೆದುಕೊಂಡಿದ್ದೂ ಕಾರಣ ಇರಬಹುದಲ್ವಾ? ಕೊಡುವುದು ಬೇರೆ, ಕಿತ್ತುಕೊಳ್ಳದೇ ಇರುವುದು ಬೇರೆ.

ಹೊಲದಬದು: ಎರಡೂ ನನಗೆ ಒಂದೇ.

ಲ್ಯಾಬ್‌ಕೋಟು: ಬೇರಿನಿಂದ ಸ್ವಲ್ಪ ಒಸರುತ್ತದೆ, ಎಳೆಬೇರು ಸಾಯುತ್ತಲೂ ಇರುತ್ತವೆ. ಪೂರ್ತಿ ಸೊನ್ನೆ ಅನ್ನಲಾಗದು. ಅದಿರಲಿ, ಹೊಲದಬದು ಅವರ ಘಾಟಿನ ಬಾಣ ಬಹಳಷ್ಟು ಚಿತ್ರಗಳಲ್ಲಿ ಇರುವುದೇ ಇಲ್ಲ. ಯೂರಿಯಾವನ್ನು ಮಣ್ಣಿನ ಸೂಕ್ಷ್ಮಜೀವಿಗಳ ಕಿಣ್ವ ಒಡೆದಾಗ ಬರುವ ಅಮೋನಿಯಾ ಅದು, ಅನಿಲವಾಗಿ ಮೇಲೆ ಹೋಗುತ್ತದೆ. ನೀರು ನಿಂತ ತುಂಡಿನಲ್ಲಿ ಆದದ್ದು ನನ್ನ ಬಾಟಲಿಯಲ್ಲಿ ಆದದ್ದೇ. ಜೊತೆಗೆ ಒಂದಷ್ಟು ನೈಟ್ರೇಟ್ ಕೆಳಗೆ ಇಳಿದುಹೋಗಿರುತ್ತದೆ. ಜೇಡಿಮಣ್ಣಿಗೆ ಋಣ ಆವೇಶ, ಅಮೋನಿಯಂಗೆ ಧನ, ಆದ್ದರಿಂದ ಹಿಡಿದುಕೊಳ್ಳುತ್ತದೆ. ನೈಟ್ರೇಟಿಗೂ ಋಣ, ನೀರಿನ ಜೊತೆ ಜಾರಿಬಿಡುತ್ತದೆ.

ಅಂಕದಚೀಲ: ನನ್ನ ಮಗಳ ಕಥೆ ಕೇಳಿ. ಮಿಂಚಿನ ಬಾಣ ಗಾಳಿಯಿಂದ ನೈಟ್ರೇಟಿಗೆ ಬರೆದು, ಪಕ್ಕದಲ್ಲಿ ‘ಜೀವಿ ಇಲ್ಲ’ ಅಂತ ಬರೆದಳು. ಒಂದು ಅಂಕ ಕತ್ತರಿ. ಜೀವಿಯ ಹೆಸರು ಬರೆದಿಲ್ಲವಂತೆ! ಮಿಂಚಿನ ಬಿಸಿಗೆ ಸಾರಜನಕ, ಆಮ್ಲಜನಕ ಸೇರಿ NO ಆಗುತ್ತದೆ, ಮಳೆಯಲ್ಲಿ ನೈಟ್ರಿಕ್ ಆಮ್ಲವಾಗಿ ಇಳಿಯುತ್ತದೆ. ಅಲ್ಲಿ ಯಾವ ಬ್ಯಾಕ್ಟೀರಿಯಾ ಹುಡುಕಲಿ? ಮರುಎಣಿಕೆಗೆ ಅರ್ಜಿ ಹಾಕಿದೆ, ಫೀಸು ಕಟ್ಟಿದೆ, ಕೂಡಿದ್ದು ಸರಿಯಾಗಿದೆ ಅಂತ ಉತ್ತರ ಬಂತು. ಕೂಡಿದ್ದು ತಪ್ಪು ಅಂತ ಯಾರು ಹೇಳಿದ್ದರು? ನಿಮ್ಮ ಪ್ರಯೋಗ, ಬಾಟಲಿ ಎಲ್ಲ ಸುಮ್ನೆ. ಪುಸ್ತಕದಲ್ಲಿ ಇದ್ದಂತೆ ಬರೆಸಿ.

ಲ್ಯಾಬ್‌ಕೋಟು: ನೈಟ್ರೈಟನ್ನು ನೈಟ್ರೇಟ್ ಮಾಡುವ ಬಾಣಕ್ಕೆ ಪುಸ್ತಕದಲ್ಲಿ ನೈಟ್ರೋಬ್ಯಾಕ್ಟರ್ ಇದೆ. ತೊಟ್ಟಿಯ ಫಿಲ್ಟರಿನಲ್ಲಿ ಆ ಕೆಲಸ ಹೆಚ್ಚಾಗಿ ಮಾಡುವುದು ನೈಟ್ರೋಸ್ಪೈರಾ. ಅದರಲ್ಲೂ ಕೆಲವು ಅಮೋನಿಯಾದಿಂದ ನೈಟ್ರೇಟ್‌ವರೆಗೆ ಎರಡೂ ಹೆಜ್ಜೆ ಒಂದೇ ಮೈಯಲ್ಲಿ ಮುಗಿಸುತ್ತವೆ ಅಂತ 2015ರಲ್ಲಿ ಗೊತ್ತಾಯಿತು. ಹಾಗಂತ ಮಕ್ಕಳಿಗೆ ಹೇಳಲೇಬಾರದಾ?

ಅಂಕದಚೀಲ: ಹೇಳಿ. ಅಂಕ ಹೋದರೆ ನಿಮ್ಮ ಮನೆಗೆ ಕಳಿಸುತ್ತೇನೆ.

ಗಾಜಿನತೊಟ್ಟಿ: ಅಂದರೆ ನಾನು ಬಾಟಲಿಯಲ್ಲಿ ಕೊಂಡು ತಂದು ಸುರಿದದ್ದು ಬೇರೆಯೇ ಬ್ಯಾಕ್ಟೀರಿಯಾನಾ? ಅದಕ್ಕೂ ದುಡ್ಡು ಕೊಟ್ಟಿದ್ದೇನೆ.

ಹೊಸಮೇಷ್ಟ್ರು: ಎಲ್ಲರಿಗೂ ಥ್ಯಾಂಕ್ಸ್. ಒಂದು ಉಳಿಯಿತು. ಅಜೋಟೋಬ್ಯಾಕ್ಟರ್ ಬಾಣ ಎಲ್ಲಿಗೆ ಹೋಗಬೇಕು? ಅದು ಬೇರುಗಂಟಿನಲ್ಲಿ ಇರುವುದಿಲ್ಲವಲ್ಲ.

ಸೀಮೆಸುಣ್ಣ: ಪ್ರೋಟೀನ್ ಪೆಟ್ಟಿಗೆಗೆ, ಆದರೆ ಅದರದೇ ಮೈಗೆ. ಅಮೋನಿಯಾ ಮಾಡಿ ತಾನೇ ಬಳಸಿಕೊಳ್ಳುತ್ತದೆ. ಅದು ಸತ್ತು ಕೊಳೆತ ಮೇಲೆ ಅಮೋನಿಯಂ ಪೆಟ್ಟಿಗೆಗೆ ಬರುತ್ತದೆ. ನೀರಿನ ಅನಬೀನಾದ್ದೂ ಬಹುಪಾಲು ಅದೇ ದಾರಿ.

ಹೊಲದಬದು: ಹಾಗಾದರೆ ಪ್ಯಾಕೆಟ್ಟಿನ ಅಜೋಟೋಬ್ಯಾಕ್ಟರ್ ಬೀಜಕ್ಕೆ ಹಚ್ಚಿದರೆ ಗಿಡಕ್ಕೆ ಏನೂ ಬರುವುದಿಲ್ಲ ಅಂತೀರಾ ಮೇಡಂ?

ಸೀಮೆಸುಣ್ಣ: ಶುರುವಾಯಿತು ನೋಡಿ.