ಬೆರಳಲ್ಲಿ ಕರೆಂಟ್ ಇಲ್ಲವಂತೆ!

ಸುಮಾ ಚಿಕ್ಕಮ್ಮ: (ಫಾರ್ವರ್ಡ್) "60 ದಾಟಿದವರೇ ಎಚ್ಚರ! ವಯಸ್ಸಾದ ಬೆರಳಲ್ಲಿ ಕರೆಂಟ್ ಇರುವುದಿಲ್ಲ, ಫೋನ್ ಗುರುತಿಸುವುದಿಲ್ಲ. ಬ್ಯಾಂಕ್ ಆಪ್ ಕೂಡಲೇ ತೆಗೆದುಹಾಕಿ. 10 ಜನರಿಗೆ ಕಳಿಸಿ."

ಸುಮಾ ಚಿಕ್ಕಮ್ಮ: ನಾನು ಹೇಳಿದಾಗ ಎಲ್ಲರೂ ನಕ್ಕರಲ್ಲ, ಈಗ ನೋಡಿ.

ರಘು: ಯಾರು ಬರೆದಿದ್ದು ಚಿಕ್ಕಮ್ಮ? ಮೂಲ ಎಲ್ಲಿದೆ?

ದೊಡ್ಡಪ್ಪ: ಮೂಲ ಆಮೇಲೆ ಕೇಳು. ದೊಡ್ಡವರ ಕಷ್ಟ ಏನು ಅಂತ ಮೊದಲು ಕೇಳಬೇಕು. ಈಗಿನವರಿಗೆ ತಾಳ್ಮೆಯೇ ಇಲ್ಲ.

ರಘು: ಒಂದು ಪ್ರಶ್ನೆ ಕೇಳಿದ್ದಕ್ಕೆ ತಾಳ್ಮೆ ಇಲ್ಲ ಅಂದುಬಿಟ್ರಾ ಅಪ್ಪ?

ವೀಣಾ: ಒಂದೆಳೆ ನಿಜ ಇದೆ, ಮಿಕ್ಕಿದ್ದು ಬುರುಡೆ. ವಯಸ್ಸಾದಂತೆ ಚರ್ಮ ಒಣಗುತ್ತೆ. ಒಣ ಬೆರಳು ಪರದೆಗೆ ಸರಿಯಾಗಿ ತಿಳಿಯಲ್ಲ. ಬೆರಳಿಗೆ ಸ್ವಲ್ಪ ತೇವ ಮಾಡಿಕೊಂಡು ಒರೆಸಿಕೊಂಡರೆ ಎಷ್ಟೋ ಸಲ ಸರಿಹೋಗುತ್ತೆ. ಬೆರಳಚ್ಚಿನ ಗೆರೆ ಸವೆದಿದ್ದರೆ ಫಿಂಗರ್‌ಪ್ರಿಂಟ್ ಲಾಕ್ ಕೈಕೊಡಬಹುದು, ಅಂಥವರಿಗೆ ಪಿನ್ನೇ ಸರಿ. ಅದಕ್ಕೆಲ್ಲ ಆಪ್ ತೆಗೆಯೋದು ಬೇಕಾಗಿಲ್ಲ.

ಸುಮಾ ಚಿಕ್ಕಮ್ಮ: ಹಾಗಾದ್ರೆ ನಾನು ಒತ್ತಿದಾಗೆಲ್ಲ ಐಕಾನ್‌ಗಳು ಯಾಕೆ ನಡುಗ್ತವೆ, ಒಂದೊಂದು ಮಾಯ ಆಗಿಬಿಡುತ್ತೆ?

ವೀಣಾ: ಅದು ಬೆರಳು ನಿಧಾನ ಎತ್ತೋದರಿಂದ. ಸುಮಾರು ಅರ್ಧ ಸೆಕೆಂಡ್ ಒತ್ತಿ ಹಿಡಿದರೆ ಫೋನ್ ಅದನ್ನ ಬೇರೆ ಆಜ್ಞೆ ಅಂತ ತಿಳ್ಕೊಳ್ಳುತ್ತೆ. ಆಗ ಬೆರಳು ಸರಿದರೆ ಐಕಾನ್ ಬೇರೆ ಕಡೆ ಹೋಗಿಬಿಡುತ್ತೆ. ಆಂಡ್ರಾಯ್ಡ್ ಆದ್ರೆ Settings ಒಳಗೆ Accessibility, ಅಲ್ಲಿ Touch & hold delay ಹುಡುಕಿ Long ಇಡಿ. ಕೆಲವು ಫೋನಲ್ಲಿ ಇನ್ನೊಂದು ಮೆನು ಒಳಗಿರುತ್ತೆ. ಕಲಿಸೋಕೆ ಕೂರೋ ಮುಂಚೆ ಇದು ಆಗಿರಬೇಕು.

ಗಿರೀಶ: ಪಾಸ್‌ಬುಕ್ ಕಾಲವೇ ಚೆನ್ನಾಗಿತ್ತು ಬಿಡಿ. ಕೌಂಟರ್‌ನಲ್ಲಿ ಕೂತವರಿಗೆ ನಮ್ಮ ಮುಖವೇ ಗುರುತು. ಒಂದು ಸಹಿ, ಮುಗೀತು.

ರಘು: ಶುರುವಾಯ್ತು.

ಸುಮಾ ಚಿಕ್ಕಮ್ಮ: ರಘು, ಮದುವೆ ಮನೇಲಿ ನೀನು ದುಡ್ಡು ಕಳಿಸೋದು ಕಲಿಸಿದ್ದು ಮರೆತಿಲ್ಲ. ಫೋನ್ ಕಸಿದುಕೊಂಡು ಟಕಟಕ ಒತ್ತಿ "ಇಷ್ಟೇ" ಅಂದೆ. ಏನು ಒತ್ತಿದೆ ಅಂತ ನನಗೆ ಕಾಣಲೇ ಇಲ್ಲ.

ರಘು: ದುಡ್ಡು ಹೋಯ್ತು ತಾನೆ?

ವೀಣಾ: ಹೋಯ್ತು, ಆದ್ರೆ ಕಲಿತಿದ್ದು ನಿನ್ನ ಬೆರಳು. ಕಲಿಸೋರು ಫೋನ್ ಮುಟ್ಟಲೇಬಾರದು, ಬಾಯಲ್ಲೇ ಹೇಳಬೇಕು. ಒಂದು ದಿನಕ್ಕೆ ಒಂದೇ ಕೆಲಸ, ಅರ್ಧ ಗಂಟೆ ಸಾಕು. ಮೊದಲ ಪಾಠ ಬರೀ ಬ್ಯಾಲೆನ್ಸ್ ನೋಡೋದು, ತಪ್ಪು ಕಡೆ ಹೋದ್ರೆ ವಾಪಸ್ ಬರೋದು. ಬೇಕಂತಲೇ ತಪ್ಪು ಪರದೆಗೆ ಹೋಗಿಸಿ ಬರಿಸಬೇಕು. ವಾಪಸ್ ಬರೋಕೆ ಬಂದ್ರೆ ಹೆದರಿಕೆ ಎಷ್ಟೋ ಇಳಿಯುತ್ತೆ.

ದೊಡ್ಡಪ್ಪ: ನಾನು ಬರೆದುಕೊಳ್ತೀನಿ. ಆಪ್ ಅಪ್‌ಡೇಟ್ ಆದ್ರೆ ಎಲ್ಲ ಬದಲಾಗುತ್ತೆ.

ವೀಣಾ: "ಮೇಲಿಂದ ಮೂರನೇದು" ಅಂತ ಬರೀಬೇಡಿ ದೊಡ್ಡಪ್ಪ, ಗುಂಡಿ ಮೇಲಿರೋ ಪದವನ್ನೇ ಬರೀರಿ. ಜಾಗ ಬದಲಾದ್ರೂ ಪದ ಅಷ್ಟು ಸುಲಭವಾಗಿ ಬದಲಾಗಲ್ಲ. ನಿಮ್ಮ ಕೈಬರಹದಲ್ಲೇ ಇರಲಿ. ಪಿನ್ ಮಾತ್ರ ಆ ಹಾಳೇಲಿ ಬೇಡ. ಮಾರನೇ ದಿನ ಒಂದ್ಸಲ, ಮೂರು ದಿನ ಬಿಟ್ಟು ಒಂದ್ಸಲ, ವಾರ ಬಿಟ್ಟು ಇನ್ನೊಂದ್ಸಲ ಅದನ್ನೇ ಮಾಡಬೇಕು.

ಸುಮಾ ಚಿಕ್ಕಮ್ಮ: ಓಟಿಪಿ ಬಂದ್ರೆ ಮಾತ್ರ ಕೈಕಾಲು ಆಡಲ್ಲ. ಸರಿಯಾಗಿ ಹಾಕಿದ್ರೂ ತಪ್ಪು ಅನ್ನುತ್ತೆ.

ವೀಣಾ: Resend ಒತ್ತಿರ್ತೀರಿ.

ಸುಮಾ ಚಿಕ್ಕಮ್ಮ: ತಡ ಆದ್ರೆ ಒತ್ತದೆ?

ವೀಣಾ: ಅಲ್ಲೇ ಎಡವಟ್ಟು. ಹೊಸದು ಹೊರಟ ಕೂಡಲೇ ಹಳೇ ಓಟಿಪಿ ಸಾಮಾನ್ಯವಾಗಿ ರದ್ದು. ಅಷ್ಟರಲ್ಲಿ ಹಳೇದು ಬಂದು ತಲುಪುತ್ತೆ, ನೀವು ಅದನ್ನೇ ಹಾಕ್ತೀರಿ. ಇನ್ನೊಂದು ತೊಡಕು: ಮೇಲಿಂದ ಎಳೆದು ನೋಡೋ ಪಟ್ಟಿಯಲ್ಲಿ ಹೊಸ ಮೆಸೇಜ್ ಮೇಲಿರುತ್ತೆ, ಮೆಸೇಜ್ ತೆರೆದು ನೋಡಿದ್ರೆ ಹೊಸದು ಕೆಳಗಿರುತ್ತೆ. ಎರಡು ಓಟಿಪಿ ಕಂಡರೆ ಬಂದ ಸಮಯ ನೋಡಿ. ತಪ್ಪಾಗಿ ಪದೇ ಪದೇ ಹಾಕಿದ್ರೆ ಖಾತೆಗೆ ಬೀಗ ಬೀಳಬಹುದು.

ರಘು: ಮೆಸೇಜ್‌ಗೆ ಹೋಗಿ ಬರೋದರಲ್ಲಿ ಬ್ಯಾಂಕ್ ಆಪ್ ಮತ್ತೆ ಲಾಗಿನ್ ಕೇಳುತ್ತೆ, ಅದನ್ನೂ ಹೇಳು ವೀಣಕ್ಕ.

ವೀಣಾ: ಹೌದು, ಅದಕ್ಕೇ ಆಪ್ ಬಿಡದೆ, ಮೇಲಿಂದ ಪಟ್ಟಿ ಎಳೆದು ಓದಿ, ಮೂರು ಮೂರು ಅಂಕಿಯಾಗಿ ಚೀಟಿಯಲ್ಲಿ ಬರೆದುಕೊಂಡು ಹಾಕೋದು. ಮೊದಲು ಕಾಗದದ ಮೇಲೆ ಸುಳ್ಳು ಸಂಖ್ಯೆ ಹಾಕಿ ಅಭ್ಯಾಸ ಮಾಡಿಸಿ. ಆಮೇಲೆ ಮನೆಯವರದೇ ಖಾತೆಗೆ ಚಿಕ್ಕ ಮೊತ್ತ. ಫೋನ್ ಮಾಡಿ ಓಟಿಪಿ ಕೇಳಿದ್ರೆ ಯಾರೇ ಆಗಲಿ, ಇಟ್ಟುಬಿಡಿ.

ಗಿರೀಶ: ಚೀಟಿ ಅಂದ್ರೆ ನೆನಪಾಯ್ತು, ಟೋಕನ್ ಹಿಡಿದು ಕೂರ್ತಿದ್ವಿ...

ದೊಡ್ಡಪ್ಪ: ಗಿರೀಶ, ಸುಮ್ನಿರು. ವೀಣಾ, ನನ್ನ ಆಪಿನಲ್ಲಿ Confirm ಅನ್ನೋದೇ ಇಲ್ಲವಲ್ಲ?

ವೀಣಾ: ಅಕ್ಷರ ತೀರಾ ದೊಡ್ಡದು ಮಾಡಿದ್ರೆ ಗುಂಡಿ ಪರದೆಯ ಕೆಳಗೆ ಸರಿದುಹೋಗುತ್ತೆ ದೊಡ್ಡಪ್ಪ. ಮೇಲಕ್ಕೆ ಸರಿಸಿ ನೋಡಿ. ಇಲ್ಲಾಂದ್ರೆ ಅಕ್ಷರ ಒಂದು ಹಂತ ಕಮ್ಮಿ ಮಾಡಿ.

ದೊಡ್ಡಪ್ಪ: ಸಿಕ್ಕಿತು.

ರಘು: ಇದಕ್ಕೇ ಅಲ್ವಾ ಅಪ್ಪ ಬ್ಯಾಂಕಿನವರ ಜತೆ ಜಗಳ ಆಡಿ ಬಂದಿದ್ದು?