ಕಪಲ್ ಇರುವ ಓವರ್‌ಹ್ಯಾಂಗಿಂಗ್ ಬೀಮ್: ತುದಿಯಲ್ಲಿ ಸೊನ್ನೆ ಬರುತ್ತಿಲ್ಲ

ವಿಜಯನಗರದ ಸಿವಿಲ್ ವಿದ್ಯಾರ್ಥಿನಿ: ಎ, ಬಿ ಸಪೋರ್ಟ್‌ಗಳ ನಡುವೆ 4 ಮೀಟರ್. ಬಿ ದಾಟಿ 2 ಮೀಟರ್ ಓವರ್‌ಹ್ಯಾಂಗ್, ತುದಿ ಸಿಯಲ್ಲಿ 6 ಕಿಲೋನ್ಯೂಟನ್ ಲೋಡ್. ಎಯಿಂದ 2 ಮೀಟರ್ ದೂರದ ಡಿಯಲ್ಲಿ 20 ಕಿಲೋನ್ಯೂಟನ್ ಮೀಟರ್ ಕ್ಲಾಕ್‌ವೈಸ್ ಕಪಲ್. ಸಿಯಲ್ಲಿ ಬೆಂಡಿಂಗ್ ಮೊಮೆಂಟ್ ಸೊನ್ನೆ ಆಗಬೇಕು, ನನಗೆ −40 ಬರುತ್ತಿದೆ. ಎಲ್ಲಿ ತಪ್ಪಿದ್ದೇನೆ?

ಡಿಪ್ಲೊಮಾ ಮುಗಿಸಿದವರು, ಪೀಣ್ಯ: ಕಪಲ್‌ಗೂ ಶಿಯರ್‌ಗೂ ಸಂಬಂಧವೇ ಇಲ್ಲ. ಶಿಯರ್ ಬರೆಯುವಾಗ ಅದನ್ನು ಮರೆತುಬಿಡಿ, ಬೆಂಡಿಂಗ್‌ನಲ್ಲಿ ಮಾತ್ರ ಸೇರಿಸಿ.

ನಿವೃತ್ತ ಮೇಷ್ಟ್ರು, ಬಸವನಗುಡಿ: ಇದು ಅರ್ಧ ಸರಿ. ಡಿ ಹತ್ತಿರ ಶಿಯರ್ ಜಿಗಿಯುವುದಿಲ್ಲ, ನಿಜ. ಆದರೆ ಕಪಲ್ ರಿಯಾಕ್ಷನ್‌ಗಳನ್ನೇ ಬದಲಿಸುತ್ತದೆ, ಅಲ್ವಾ? ಎ ಸುತ್ತ ಮೊಮೆಂಟ್ ತೆಗೆದುಕೊಳ್ಳಿ. ಲೋಡ್‌ನದು 6 × 6 = 36, ಕಪಲ್‌ನದು ಬರೀ 20. ಅದನ್ನು ದೂರದಿಂದ ಗುಣಿಸಬಾರದು. ಒಟ್ಟು 56, 4ರಿಂದ ಭಾಗಿಸಿದರೆ ಬಿಯಲ್ಲಿ 14 ಮೇಲಕ್ಕೆ. ಹಾಗಾದರೆ ಎಯಲ್ಲಿ 8 ಕೆಳಕ್ಕೆ. ಕಪಲ್ ಇಲ್ಲದಿದ್ದರೆ ಎಯಲ್ಲಿ 3 ಮಾತ್ರ ಇರುತ್ತಿತ್ತು. ಶಿಯರ್ ಎಯಿಂದ ಬಿವರೆಗೆ −8, ಆಮೇಲೆ +6.

ಈಗ ಬೆಂಡಿಂಗ್. ಡಿಯ ಎಡಕ್ಕೆ −16. ಎಡದಿಂದ ಬರುವಾಗ ಕ್ಲಾಕ್‌ವೈಸ್ ತಿರುಗಿಸುವುದೆಲ್ಲ ಸ್ಯಾಗಿಂಗ್ ಕಡೆಗೆ ಸೇರುತ್ತದೆ. ಆದ್ದರಿಂದ ಡಿಯಲ್ಲಿ ಗೆರೆ ನೇರ ಮೇಲಕ್ಕೆ 20 ಏರಿ +4 ಆಗಬೇಕು. ಅಲ್ಲಿಂದ ಮೊದಲಿನ ಓರೆಯಲ್ಲೇ ಇಳಿಯುತ್ತದೆ. ಅರ್ಧ ಮೀಟರ್ ಹೋದ ಮೇಲೆ ಸೊನ್ನೆ ದಾಟಿ, ಬಿಯಲ್ಲಿ −12, ಸಿಯಲ್ಲಿ 0. ಬಲಗಡೆಯಿಂದ ಲೆಕ್ಕ ಹಾಕಿದರೂ ಬಿಯಲ್ಲಿ 6 × 2, ಅದೇ 12 ಹಾಗಿಂಗ್.

ನಿಮ್ಮ −40 ತಪ್ಪನ್ನು ತಾನೇ ಹೇಳುತ್ತಿದೆ. ಜಿಗಿತ ಹಾಕುವುದನ್ನೇ ಮರೆತಿದ್ದರೆ ತುದಿಯಲ್ಲಿ −20 ಉಳಿಯುತ್ತಿತ್ತು. ಕಪಲ್‌ನ ಎರಡರಷ್ಟು ಉಳಿದಿದೆ ಅಂದರೆ ಮೇಲೆ ಏರುವ ಬದಲು ಕೆಳಗೆ ಇಳಿಸಿದ್ದೀರಿ.

ಸೈಟ್ ಎಂಜಿನಿಯರ್, ಯಲಹಂಕ: ಓವರ್‌ಹ್ಯಾಂಗ್ ಅಂದರೆ ನನಗೆ ಬಾಲ್ಕನಿಯೇ ನೆನಪಾಗುತ್ತದೆ. ಒಂದು ಸೈಟ್‌ನಲ್ಲಿ ಮುಖ್ಯ ಕಂಬಿಯನ್ನು ಕೆಳಗೆ ಕಟ್ಟಿಬಿಟ್ಟಿದ್ದರು. ಕಾಂಕ್ರೀಟ್ ಸುರಿಯುವ ಮುಂಚೆ ಕಣ್ಣಿಗೆ ಬಿತ್ತು, ಬಿಚ್ಚಿಸಿ ಮೇಲೆ ಕಟ್ಟಿಸಿದೆ. ಬಿ ಮೇಲೆ ಹಾಗಿಂಗ್ ಇದ್ದರೆ ಬೀಮ್‌ನ ಮೇಲ್ಭಾಗವೇ ಎಳೆತಕ್ಕೆ ಸಿಗುವುದು. ನಿಮ್ಮ ಎಯಲ್ಲೂ ಕೆಳಕ್ಕೆ 8 ಬೇಕು. ಬೀಮ್ ಸುಮ್ನೆ ಗೋಡೆ ಮೇಲೆ ಕೂತಿದ್ದರೆ ಆ ತುದಿ ಎದ್ದುಬಿಡುತ್ತದೆ.

ವಿದ್ಯಾರ್ಥಿನಿ: ಹೌದು ಸರ್, −16ರಿಂದ −36ಕ್ಕೆ ಇಳಿಸಿದ್ದೆ. ಆಂಟಿಕ್ಲಾಕ್‌ವೈಸ್ ಇದ್ದರೆ ಹಾಗೆ ಇಳಿಸಬಹುದಾ? ಮತ್ತೆ, ಪಾಸಿಟಿವ್ ಅನ್ನು ಗೆರೆಯ ಮೇಲೆ ಬರೆಯಬೇಕಾ, ಕೆಳಗಾ?

ಮೇಷ್ಟ್ರು: ಇಳಿಸಬೇಕು. ಆದರೆ ಆಗ ರಿಯಾಕ್ಷನ್‌ಗಳೂ ಬೇರೆ, ಮೊದಲಿಂದ ಲೆಕ್ಕ ಮಾಡಿ. ಸ್ಯಾಗಿಂಗ್ ಅನ್ನು ನಾನು ಯಾವಾಗಲೂ ಮೇಲೆ ಬರೆಸಿದ್ದೇನೆ.

ಸೈಟ್ ಎಂಜಿನಿಯರ್: ನಾವು ಎಳೆತ ಇರುವ ಕಡೆಗೇ ಬರೆಯುತ್ತೇವೆ ಸರ್, ಅಂದರೆ ಸ್ಯಾಗಿಂಗ್ ಕೆಳಗೆ. ಕಂಬಿ ಎಲ್ಲಿ ಬೇಕು ಅಂತ ಚಿತ್ರದಲ್ಲೇ ಕಾಣುತ್ತದೆ.